ಶಾಲಾ ತಂಡಗಳ ರಸಪ್ರಶ್ನೆ: ಬಜರ್ ಮತ್ತು ಟೈ-ಬ್ರೇಕರ್ ನಿಯಮಗಳ ನನ್ನ ಅನುಭವ

ನಮ್ಮ ಭಾಗದ ಪ್ರೌಢಶಾಲೆಗಳಿಗೆ ನಾನು ನಡೆಸಿಕೊಡುವ ರಸಪ್ರಶ್ನೆಯಲ್ಲಿ ಲಿಖಿತ ಪರೀಕ್ಷೆಯಿಂದ ಆಯ್ಕೆಯಾದ ಆರು ತಂಡಗಳು ವೇದಿಕೆಗೆ ಬರುತ್ತವೆ. ಪ್ರತಿ ತಂಡದಲ್ಲಿ ಇಬ್ಬರಿರುತ್ತಾರೆ.

ಮೊದಲನೆಯದು ನೇರ ಪ್ರಶ್ನೆಗಳ ಸುತ್ತು. ಉತ್ತರ ಬಾರದಿದ್ದರೆ ಪ್ರಶ್ನೆ ಮುಂದಿನ ತಂಡಕ್ಕೆ ಪಾಸಾಗುತ್ತದೆ. ಯಾರು ಹೇಳಿದರೂ 10 ಅಂಕ. ಆದರೆ ದುರ್ಬಲ ತಂಡದ ಪಕ್ಕದಲ್ಲಿ ಕುಳಿತವರಿಗೆ ಅದರಿಂದ ಹೆಚ್ಚಿನ ಅವಕಾಶ ಸಿಗುತ್ತದೆ. ಆದ್ದರಿಂದ ಉತ್ತರಿಸಿದ ತಂಡದ ನಂತರದವರಿಗೇ ಹೊಸ ಪ್ರಶ್ನೆಯನ್ನು ಕೇಳಿ, ಅರ್ಧ ಸುತ್ತು ಮುಗಿದ ಮೇಲೆ ದಿಕ್ಕನ್ನು ತಿರುಗಿಸುತ್ತೇನೆ. ಪ್ರಶ್ನೆಗಳು ಹೀಗಿರುತ್ತವೆ: ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ವರ್ಷ ಯಾವುದು? (1973) ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ ಕವಿ ಯಾರು? (ಕುವೆಂಪು) ಮುಳ್ಳಯ್ಯನಗಿರಿ ಯಾವ ಜಿಲ್ಲೆಯಲ್ಲಿದೆ? (ಚಿಕ್ಕಮಗಳೂರು) ರಾಜ್ಯದ ಅತಿ ಎತ್ತರದ ಜಲಪಾತ ಯಾವುದೆಂದು ಮಾತ್ರ ನಾನು ಕೇಳುವುದಿಲ್ಲ. ಜೋಗ ಎಂದವರಿಗೂ ಕುಂಚಿಕಲ್ ಎಂದವರಿಗೂ ತೋರಿಸಲು ಪುಸ್ತಕಗಳಿವೆ.

ಚಿತ್ರ ಸುತ್ತು ಚಿಕ್ಕದು. ಹಂಪಿಯ ಕಲ್ಲಿನ ರಥವನ್ನು ತೋರಿಸಿ, ಇದು ಯಾವ ಮುಖಬೆಲೆಯ ನೋಟಿನ ಮೇಲಿದೆ ಎಂದು ಕೇಳಿದರೆ (50 ರೂಪಾಯಿ) ಮಕ್ಕಳು ಹಿಗ್ಗುತ್ತಾರೆ.

ಬಜರ್ ಸುತ್ತಿನಲ್ಲಿ ಸರಿಯುತ್ತರಕ್ಕೆ 10 ಅಂಕ, ತಪ್ಪಿಗೆ 5 ಅಂಕ ಕಡಿತ. ಗುಂಡಿ ಒತ್ತಿದ ಕ್ಷಣವೇ ನಾನು ಓದುವುದನ್ನು ನಿಲ್ಲಿಸುತ್ತೇನೆ. ಐದು ಸೆಕೆಂಡಿನೊಳಗೆ ಉತ್ತರ ಬರಬೇಕು, ಮೊದಲು ಬಾಯಿಂದ ಬಂದ ಉತ್ತರವೇ ಅಂತಿಮ. ಅದು ತಪ್ಪಾದರೆ ಆ ತಂಡವನ್ನು ಬಿಟ್ಟು ಉಳಿದವರಿಗೆ ಪ್ರಶ್ನೆಯನ್ನು ಪೂರ್ತಿ ಓದುತ್ತೇನೆ. ಮೊದಲು ಒತ್ತಿದವರ ದೀಪ ಮಾತ್ರ ಹೊತ್ತಿ ಉಳಿದ ಗುಂಡಿಗಳು ನಿಷ್ಕ್ರಿಯವಾಗುವ ಬಜರ್ ಇಲ್ಲದೆ ಈ ಸುತ್ತನ್ನು ನಡೆಸಲೇಬಾರದು, ಏಕೆಂದರೆ ಎರಡು ಗಂಟೆಗಳಲ್ಲಿ ಯಾವುದು ಮೊದಲು ಬಾರಿಸಿತೆಂದು ಕಿವಿಯಿಂದ ನಿರ್ಧರಿಸುವುದು ಅಸಾಧ್ಯ. ಸ್ಪರ್ಧೆಗೆ ಮುನ್ನ ಎರಡೆರಡು ಗುಂಡಿಗಳನ್ನು ಒಟ್ಟಿಗೆ ಒತ್ತಿಸಿ ನೋಡುತ್ತೇನೆ. ಒಮ್ಮೆಯಾದರೂ ಎರಡು ದೀಪ ಹೊತ್ತಿದರೆ ಆ ಪೆಟ್ಟಿಗೆಯನ್ನು ಬಳಸುವುದಿಲ್ಲ.

ಈ ಸುತ್ತಿನ ಪ್ರಶ್ನೆಯಲ್ಲಿ ಕಠಿಣ ಸುಳಿವು ಮೊದಲು, ಸುಲಭದ್ದು ಕೊನೆಗೆ ಬರಬೇಕು: "1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಒದಗಿಸಿದ, ಗಗನಚುಕ್ಕಿ ಮತ್ತು ಭರಚುಕ್ಕಿ ಜಲಪಾತಗಳಿರುವ, ಕಾವೇರಿ ತೀರದ ಸ್ಥಳ ಯಾವುದು?" ಓದಿದ ಮಗು ಗಣಿಯ ಮಾತಿಗೇ ಒತ್ತುತ್ತದೆ, ಉಳಿದವರು ಗಗನಚುಕ್ಕಿಯವರೆಗೆ ಕಾಯುತ್ತಾರೆ. (ಶಿವನಸಮುದ್ರ)

ಸಮಬಲವಾದರೆ ಆ ತಂಡಗಳಿಗೆ ಮಾತ್ರ ಮೂರು ಬಜರ್ ಪ್ರಶ್ನೆ. ಆಮೇಲೂ ಸಮವಾದರೆ, ಯಾರಿಗೂ ಬಾಯಿಪಾಠವಿರದ, ಆದರೆ ಲೆಕ್ಕ ಹಾಕಬಹುದಾದ ಸಂಖ್ಯೆಯೊಂದನ್ನು ಕೇಳುತ್ತೇನೆ: 1947ರ ಆಗಸ್ಟ್ 15ರಿಂದ 1950ರ ಜನವರಿ 26ಕ್ಕೆ ಎಷ್ಟು ದಿನ? ಒಂದು ನಿಮಿಷದಲ್ಲಿ ಚೀಟಿಯಲ್ಲಿ ಬರೆದು ಮಡಚಿ ಕೊಡಬೇಕು. ಉತ್ತರ 895, ಮೊದಲ ಎರಡು ವರ್ಷಗಳಿಗೆ 731 (1948 ಅಧಿಕ ವರ್ಷ), ಉಳಿದದ್ದು 164. ಒಬ್ಬರು 900, ಇನ್ನೊಬ್ಬರು 880 ಬರೆದರೆ, 5 ದಿನ ಮಾತ್ರ ತಪ್ಪಿದ ಮೊದಲ ತಂಡವೇ ಗೆದ್ದಿತು. ಒಬ್ಬರು 890, ಇನ್ನೊಬ್ಬರು 900 ಬರೆದು ಅಂತರ ಸಮವಾಗುವುದೂ ಉಂಟು. ಅದಕ್ಕೆಂದು ಇಂಥದೇ ಇನ್ನೊಂದು ಪ್ರಶ್ನೆಯನ್ನು ಮುಚ್ಚಿದ ಲಕೋಟೆಯಲ್ಲಿ ತೀರ್ಪುಗಾರರ ಬಳಿ ಇಟ್ಟಿರುತ್ತೇನೆ.