ಸರ್ಕಾರದ ಪಟ್ಟಿಗಿಂತ ಮೊದಲೇ ಜಯಂತಿಗಳ ದಿನ ಹಿಡಿದದ್ದು: ನನ್ನ ಅನುಭವ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಆಫ್‌ಸೆಟ್ ಮುದ್ರಣಾಲಯ. ವರ್ಷವಿಡೀ ಲಗ್ನಪತ್ರಿಕೆ, ಬಿಲ್ ಪುಸ್ತಕ. ಶ್ರಾವಣ ಕಳೆದ ಮೇಲೆ ಕ್ಯಾಲೆಂಡರ್. ಸೊಸೈಟಿಗಳು, ಅಕ್ಕಿ ಗಿರಣಿಗಳು, ಬಂಗಾರದ ಅಂಗಡಿಗಳು ಸೇರಿ ಹನ್ನೊಂದು ಹನ್ನೆರಡು ಸಾವಿರ ಪ್ರತಿ ಆಗುತ್ತದೆ. ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ತೊಂದರೆ ಒಂದೇ: ಸರ್ಕಾರದ ರಜಾ ಪಟ್ಟಿ ಬರುವುದು ನವೆಂಬರ್ ಹೊತ್ತಿಗೆ, ನಾವು ಪ್ಲೇಟ್ ಹಾಕಿಸಬೇಕಾದದ್ದು ಸೆಪ್ಟೆಂಬರ್‌ನಲ್ಲಿ. ಮಧ್ಯದ ಎರಡು ತಿಂಗಳು ಬೇರೆಯವರ ಕ್ಯಾಲೆಂಡರ್ ನೋಡಿ ನಕಲು ಮಾಡಬೇಕು, ಇಲ್ಲವೇ ನಾವೇ ಲೆಕ್ಕ ಹಾಕಬೇಕು. ನಾನೇ ಲೆಕ್ಕ ಹಾಕುತ್ತೇನೆ ಎಂದಾಗ ಮುದ್ರಣದ ಗೆಳೆಯರೆಲ್ಲ ನಕ್ಕರು. ಈಗ ನಗುತ್ತಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲ ಜಯಂತಿಗೂ ಲೆಕ್ಕ ಬೇಕಿಲ್ಲ. ಕುವೆಂಪು ಡಿಸೆಂಬರ್ 29, ಬೇಂದ್ರೆ ಜನವರಿ 31, ಅಂಬೇಡ್ಕರ್ ಏಪ್ರಿಲ್ 14. ಇವರು ಇಂಗ್ಲಿಷ್ ತಾರೀಕು ಬಳಕೆಗೆ ಬಂದ ಕಾಲದವರು, ಹುಟ್ಟಿದ ದಿನ ಹಾಗೆಯೇ ಉಳಿದಿದೆ. ಆದರೆ ತಾರೀಕಿನ ಮೇಲೆ ನಡೆಯುವುದೆಲ್ಲ ಹೊಸಕಾಲದವರದು ಎಂದುಕೊಂಡರೆ ಅದೂ ತಪ್ಪು. ಸರ್ವಜ್ಞ ಹುಟ್ಟಿದ ದಿನಕ್ಕೆ ದಾಖಲೆಯಿಲ್ಲ, ಆದರೂ ಜಯಂತಿ ಫೆಬ್ರವರಿ 20ಕ್ಕೆ ನಿಂತಿದೆ. ವೇಮನ ಜಯಂತಿ ಜನವರಿ 19. ಕಚೇರಿಗಳಲ್ಲಿ ಫೋಟೊ ಇಟ್ಟು ಹಾರ ಹಾಕಲು ಅಲುಗಾಡದ ಒಂದು ದಿನ ಬೇಕಾಗುತ್ತದೆ, ಅಷ್ಟೆ. ಪ್ರತಿವರ್ಷ ಜಾಗ ಬದಲಿಸುವವರು ಬೇರೆ: ಬಸವಣ್ಣ ವೈಶಾಖ ಶುದ್ಧ ತದಿಗೆ, ಕನಕದಾಸರು ಕಾರ್ತಿಕ ಬಹುಳ ತದಿಗೆ, ವಾಲ್ಮೀಕಿ ಆಶ್ವಯುಜ ಹುಣ್ಣಿಮೆ, ಅಕ್ಕಮಹಾದೇವಿ ಚೈತ್ರ ಹುಣ್ಣಿಮೆ. ಬಸವಣ್ಣನವರ ವಿಷಯದಲ್ಲಂತೂ ಹುಟ್ಟಿದ ವರ್ಷಕ್ಕೇ ವಾದವಿದೆ. 1131 ಎನ್ನುವವರೂ ಇದ್ದಾರೆ, 1134 ಎನ್ನುವವರೂ ಇದ್ದಾರೆ. ತಿಥಿಯ ಬಗ್ಗೆ ಮಾತ್ರ ತಕರಾರಿಲ್ಲ. ಹಾಗಾಗಿ 'ಇಷ್ಟನೆಯ ಜಯಂತಿ' ಎಂದು ಸಂಖ್ಯೆ ಹಾಕಿಕೊಡಿ ಎಂದು ಯಾರು ಕೇಳಿದರೂ ನಾನು ಹಾಕುವುದಿಲ್ಲ. ಬರೆದುಕೊಟ್ಟರೆ ಮುದ್ರಿಸುತ್ತೇನೆ, ಜವಾಬ್ದಾರಿ ಅವರದು.

ನನ್ನನ್ನು ಈ ಲೆಕ್ಕಕ್ಕೆ ಇಳಿಸಿದ್ದು 2023ರ ಕ್ಯಾಲೆಂಡರ್. ಬೇರೊಂದು ಊರಿನ ಕ್ಯಾಲೆಂಡರ್ ನೋಡಿ ಏಪ್ರಿಲ್ 22ರ ಮನೆಯಲ್ಲಿ 'ಅಕ್ಷಯ ತೃತೀಯಾ, ಬಸವ ಜಯಂತಿ' ಎಂದು ಎರಡನ್ನೂ ಒಟ್ಟಿಗೆ ಹಾಕಿದ್ದೆ. ಎರಡೂ ಒಂದೇ ತದಿಗೆ, ಒಂದೇ ದಿನ ಬರಬೇಕಲ್ಲ! ಸರ್ಕಾರದ ಪಟ್ಟಿಯಲ್ಲಿ ಬಸವ ಜಯಂತಿ 23, ಭಾನುವಾರ ಎಂದಿತ್ತು. ಅಷ್ಟರಲ್ಲಿ ನಾಲ್ಕು ಸಾವಿರ ಪ್ರತಿಗೆ ತಗಡು ಹೊಡೆದಾಗಿತ್ತು. ಒಂದು ಸೊಸೈಟಿಯವರು ತೆಗೆದುಕೊಳ್ಳುವುದಿಲ್ಲ ಎಂದು ಕೂತರು. ಏಪ್ರಿಲ್ ಹಾಳೆಯ ಎರಡು ಮನೆಗಳ ಮೇಲೆ ಚೀಟಿ ಅಂಟಿಸಲು ನಾಲ್ಕು ಹೆಣ್ಣುಮಕ್ಕಳು ಐದು ದಿನ ಕೂತರು. ಕೂಲಿ, ಚೀಟಿ, ಬಿಲ್ಲಿನಲ್ಲಿ ಬಿಟ್ಟುಕೊಟ್ಟದ್ದು ಸೇರಿ ಇಪ್ಪತ್ತೈದು ಸಾವಿರದ ಹತ್ತಿರ ಕೈಬಿಟ್ಟಿತು. ಬಂಗಾರದ ಅಂಗಡಿಯವರು ಮಾತ್ರ '22 ಇರುವುದೇ ಸರಿ, ಚೀಟಿ ಬೇಡ' ಎಂದು ಹಾಗೆಯೇ ಒಯ್ದರು. ಆಮೇಲೆ ತಿಳಿಯಿತು, ಅವರ ಮಟ್ಟಿಗೆ ಅವರ ಮಾತೂ ಸರಿಯೇ.

ಆಗಿದ್ದು ಇಷ್ಟು. ತದಿಗೆ ಶುರುವಾದದ್ದು 22ರ ಬೆಳಿಗ್ಗೆ 7.50ರ ಸುಮಾರಿಗೆ, ಮುಗಿದದ್ದು 23ರ ಬೆಳಿಗ್ಗೆ 7.47ರ ಆಸುಪಾಸು. ನಮ್ಮಲ್ಲಿ ಸೂರ್ಯೋದಯ ಆರು ದಾಟಿ ಐದಾರು ನಿಮಿಷಕ್ಕೆ. ಅಂದರೆ 22ರಂದು ಸೂರ್ಯ ಹುಟ್ಟುವಾಗ ಇನ್ನೂ ಬಿದಿಗೆ, 23ರಂದು ಹುಟ್ಟುವಾಗ ತದಿಗೆ. ಜಯಂತಿಗೆ ಉದಯ ತಿಥಿ ಹಿಡಿದರೆ 23. ಅಕ್ಷಯ ತೃತೀಯಾದ ದಾನ, ಖರೀದಿಗೆ ಪೂರ್ವಾಹ್ನದಲ್ಲಿ ತಿಥಿ ಎಷ್ಟು ಹೊತ್ತು ಇದೆ ಎಂದು ನೋಡುತ್ತಾರೆ. ಅದು 22ರಂದೇ ಹೆಚ್ಚಿತ್ತು. ಒಂದೇ ತಿಥಿ, ಎರಡು ನಿಯಮ, ಎರಡು ತಾರೀಕು. ಇದು ಹೊಳೆದ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಜಯಂತಿಯ ಮುಂದೆ ತಿಥಿಯನ್ನಷ್ಟೇ ಅಲ್ಲ, ಆ ತಿಥಿಯನ್ನು ಯಾವ ಹೊತ್ತಿನಲ್ಲಿ ನೋಡಬೇಕು ಎಂಬುದನ್ನೂ ಬರೆಯತೊಡಗಿದೆ.

ಲೆಕ್ಕ ದೊಡ್ಡದೇನಲ್ಲ. ಊರಿನ ಸೂರ್ಯೋದಯದ ಹೊತ್ತಿಗೆ ಚಂದ್ರ ಎಷ್ಟು ಅಂಶದಲ್ಲಿದ್ದಾನೆ, ಸೂರ್ಯ ಎಷ್ಟರಲ್ಲಿದ್ದಾನೆ ಎಂಬ 365 ಸಾಲುಗಳನ್ನು ಸ್ಪ್ರೆಡ್‌ಶೀಟಿಗೆ ತಂದುಕೊಂಡರೆ ಉಳಿದದ್ದು ಒಂದೇ ಸೂತ್ರ:

```
=INT(MOD(B2-C2,360)/12)+1
```

B ಚಂದ್ರ, C ಸೂರ್ಯ. ಇಬ್ಬರ ಅಂತರದ ಪ್ರತಿ ಹನ್ನೆರಡು ಅಂಶಕ್ಕೆ ಒಂದು ತಿಥಿ. ಏಪ್ರಿಲ್ 23ಕ್ಕೆ ಚಂದ್ರ 67.8, ಸೂರ್ಯ 32.6, ಅಂತರ 35.2. ಹನ್ನೆರಡರಿಂದ ಭಾಗಿಸಿದರೆ ಎರಡು ಚಿಲ್ಲರೆ, ಒಂದು ಕೂಡಿಸಿದರೆ 3: ಶುದ್ಧ ತದಿಗೆ. ಹಿಂದಿನ ದಿನ ಅಂತರ 23ರ ಆಸುಪಾಸು, ಉತ್ತರ 2. ಬಹುಳ ತದಿಗೆ ಬೇಕಾದರೆ ಹುಣ್ಣಿಮೆಯ 15ಕ್ಕೆ 3 ಕೂಡಿಸಿ 18 ಹುಡುಕಬೇಕು. ನಕ್ಷತ್ರ ಹಿಡಿದು ಎಣಿಸಲು ಕಳೆಯುವ ಅಯನಾಂಶ ಯಾವುದು ಎಂದು ನನ್ನೊಂದಿಗೆ ಒಬ್ಬರು ಒಂದು ಸಂಜೆ ಪೂರ್ತಿ ಜಗಳವಾಡಿದರು. ಚಂದ್ರ, ಸೂರ್ಯ ಇಬ್ಬರಿಂದಲೂ ಒಂದೇ ಅಂಶ ಕಳೆದರೆ ಅಂತರ ಬದಲಾಗುವುದೇ ಇಲ್ಲ. ತಿಥಿಗೆ ಅಯನಾಂಶ ಬೇಡವೇ ಬೇಡ, ಮಾಸದ ಹೆಸರಿಗೆ ಮಾತ್ರ ಬೇಕು.

ಇಷ್ಟು ಜಾಣತನ ಮಾಡಿಯೂ ಮೊದಲ ವರ್ಷವೇ ಮುಗ್ಗರಿಸಿದೆ. ಮಾಸಗಳ ಹೆಸರನ್ನು ಕೂಡಿಸುವ ಕಷ್ಟ ಯಾರಿಗೆ ಬೇಕೆಂದು ಉತ್ತರ ಭಾರತದ ಒಂದು ಸಿದ್ಧ ಕೋಷ್ಟಕದಿಂದ ಆ ಕಾಲಂ ಎತ್ತಿಕೊಂಡಿದ್ದೆ. 2024ರ ಕ್ಯಾಲೆಂಡರಿನಲ್ಲಿ ಕನಕ ಜಯಂತಿ ಅಕ್ಟೋಬರ್ 20ಕ್ಕೆ ಬಂದು ಕೂತಿತು. ಆರುನೂರು ಹಾಳೆ ಓಡಿದ ಮೇಲೆ ನಮ್ಮ ಬೈಂಡಿಂಗ್ ಅಜ್ಜ ಒಂದು ಹಾಳೆ ಹಿಡಿದುಕೊಂಡು ಬಂದರು.

'ಯಜಮಾನರೇ, ಕನಕ ಜಯಂತಿ ದೀಪಾವಳಿಗಿಂತ ಮೊದಲು ಬರುವುದುಂಟೇ?'

ನಮ್ಮಲ್ಲಿ ಅಮಾವಾಸ್ಯೆಗೆ ತಿಂಗಳು ಮುಗಿಯುತ್ತದೆ. ದೀಪಾವಳಿಯ ಅಮಾವಾಸ್ಯೆ ಕಳೆದ ಮೇಲೆ ಕಾರ್ತಿಕ, ಅದರಲ್ಲಿ ಶುದ್ಧ ಮೊದಲು, ಬಹುಳ ಆಮೇಲೆ. ಉತ್ತರ ಭಾರತದಲ್ಲಿ ಹುಣ್ಣಿಮೆಗೆ ತಿಂಗಳು ಮುಗಿಯುತ್ತದೆ, ಬಹುಳವೇ ಮೊದಲು. ಶುದ್ಧ ಪಕ್ಷದಲ್ಲಿ ಎರಡೂ ಪದ್ಧತಿಯ ಮಾಸದ ಹೆಸರು ಒಂದೇ, ಹಾಗಾಗಿ ಬಸವ ಜಯಂತಿ ಸರಿಯಾಗಿಯೇ ಬಂದು ನನಗೆ ಸುಳ್ಳು ಧೈರ್ಯ ಕೊಟ್ಟಿತ್ತು. ಬಹುಳದಲ್ಲಿ ಒಂದು ತಿಂಗಳೇ ಆಚೀಚೆ. ಸರಿಯಾದ ದಿನ ನವೆಂಬರ್ 18. ಕಾಗದ, ಪ್ಲೇಟ್ ಸೇರಿ ಏಳು ಸಾವಿರ ಹೋಯಿತು. ಅಜ್ಜನ ಕಣ್ಣಿಗೆ ಬೀಳದಿದ್ದರೆ ಅರವತ್ತು ಸಾವಿರ ಹೋಗುತ್ತಿತ್ತು. ಆ ವರ್ಷ ಅವರಿಗೆ ದೀಪಾವಳಿಗೆ ಎರಡು ಪಂಚೆ ಹೆಚ್ಚಿಗೆ ಕೊಟ್ಟೆ.

ಈ ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ವಿವೇಕಾನಂದರ ಜಯಂತಿಯನ್ನು ಸರ್ಕಾರ ಜನವರಿ 12ಕ್ಕೆ ಮಾಡುತ್ತದೆ, ರಾಮಕೃಷ್ಣ ಆಶ್ರಮಗಳಲ್ಲಿ ಪುಷ್ಯ ಬಹುಳ ಸಪ್ತಮಿಗೆ ಪೂಜೆ. 2025ರಲ್ಲಿ ಅದು ಜನವರಿ 21ಕ್ಕೆ ಬಂತು. ಎರಡೂ ಕೂಡುವುದು ಯಾವಾಗ ಎಂದು ನೋಡುವ ಚಪಲ. ತಾರೀಕು, ತಿಥಿ ಹತ್ತೊಂಬತ್ತು ವರ್ಷಕ್ಕೊಮ್ಮೆ ಬಹುತೇಕ ಅದೇ ಜಾಗಕ್ಕೆ ಮರಳುತ್ತವೆ. ಅವರು ಹುಟ್ಟಿದ 1863ಕ್ಕೆ ಎಂಟು ಹತ್ತೊಂಬತ್ತು ಕೂಡಿಸಿದರೆ 2015. ಆ ವರ್ಷ ಜನವರಿ 12ರಂದೇ ಸಪ್ತಮಿ ಇತ್ತು, ವಾರವೂ ಅವರು ಹುಟ್ಟಿದ ಸೋಮವಾರವೇ! ಕೂಡದೆ ಉಳಿದದ್ದು ಸಂಕ್ರಾಂತಿ. ಅವರು ಹುಟ್ಟಿದ್ದು ಮಕರ ಸಂಕ್ರಾಂತಿಯಂದು. ಈಗ ಸಂಕ್ರಾಂತಿ 14, 15ಕ್ಕೆ ಬಂದು ನಿಂತಿದೆ. ನಕ್ಷತ್ರ ಹಿಡಿದು ಎಣಿಸುವ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಇಪ್ಪತ್ತು ನಿಮಿಷದಷ್ಟು ಉದ್ದ, ಅದು ಸೇರುತ್ತಾ ಹೋಗುತ್ತದೆ. ಇದರಿಂದ ನನಗೆ ಒಂದು ಪೈಸೆ ಹುಟ್ಟಲಿಲ್ಲ, ಆದರೆ ಹತ್ತೊಂಬತ್ತು ವರ್ಷದ ಹಳೆಯ ಕ್ಯಾಲೆಂಡರುಗಳನ್ನು ರದ್ದಿಗೆ ಹಾಕುವುದನ್ನು ನಿಲ್ಲಿಸಿದೆ. ಹೊಸ ಪಟ್ಟಿಯನ್ನು ಅವುಗಳ ಪಕ್ಕದಲ್ಲಿಟ್ಟರೆ ತಿಂಗಳ ತಪ್ಪು ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಒಂದೆರಡು ದಿನದ ತಪ್ಪಿಗೆ ಇದು ಉಪಯೋಗವಿಲ್ಲ.

ಗಿರಾಕಿಗಳ ಒತ್ತಾಯವೂ ಇರುತ್ತದೆ. ಒಬ್ಬರು ಪುಷ್ಯ ಬಹುಳ ಅಮಾವಾಸ್ಯೆಗೆ 'ಪುರಂದರದಾಸರ ಜಯಂತಿ' ಎಂದು ಬರೆಯಿರಿ ಎಂದರು. ಅದು ದಾಸರು ದೇಹ ಬಿಟ್ಟ ದಿನ, ಆರಾಧನೆ ಎಂದೇ ಹಾಕುತ್ತೇನೆ ಎಂದು ಹಟ ಹಿಡಿದೆ. ಇನ್ನೊಬ್ಬರು ಅಮೆರಿಕದಲ್ಲಿರುವ ಮಗನ ಕನ್ನಡ ಕೂಟಕ್ಕೆ ನೂರು ಪ್ರತಿ ಕಳಿಸಬೇಕು ಎಂದರು. ಅಲ್ಲಿಯ ಸೂರ್ಯೋದಯಕ್ಕೆ ಲೆಕ್ಕ ಹಾಕಿದರೆ 2023ರ ಬಸವ ಜಯಂತಿ 22ಕ್ಕೇ ಬರುತ್ತಿತ್ತು, ನಮ್ಮ 23ರ ಬೆಳಿಗ್ಗೆ ತದಿಗೆ ಮುಗಿಯುವಾಗ ಅಲ್ಲಿನ್ನೂ 22ರ ರಾತ್ರಿ. 'ಅವರು ಹೇಗೂ ಶನಿವಾರ ಹಾಲ್ ಸಿಕ್ಕಾಗ ಮಾಡುತ್ತಾರೆ' ಎಂದು ಊರಿನದ್ದನ್ನೇ ಒಯ್ದರು.

2026ರ ಪಟ್ಟಿ ಮಾಡುವಾಗ ಏಪ್ರಿಲ್‌ನಲ್ಲಿ ಹಳೆಯ ಆಟವೇ ಮತ್ತೆ ಕಂಡಿತು. ತದಿಗೆ ಏಪ್ರಿಲ್ 19ರ ಹನ್ನೊಂದು ಗಂಟೆಯ ಸುಮಾರಿಗೆ ಶುರು, 20ರ ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಮುಕ್ತಾಯ. ಸೂರ್ಯೋದಯಕ್ಕೂ ಮುಕ್ತಾಯಕ್ಕೂ ಒಂದೂವರೆ ಗಂಟೆಯೂ ಇಲ್ಲ. ಅಂತರ ಇಷ್ಟು ಕಡಿಮೆ ಇದ್ದಾಗ ಹಳೆಯ ಸಿದ್ಧಾಂತದ ಪಂಚಾಂಗಗಳು ಬೇರೆ ಉತ್ತರ ಕೊಡುವ ಸಾಧ್ಯತೆ ಇರುತ್ತದೆ. ಅವುಗಳಲ್ಲಿ ತಿಥಿ ಮುಗಿಯುವ ಹೊತ್ತು ಕೆಲವು ಗಂಟೆ ಆಚೀಚೆ ಆಗುವುದುಂಟು. ಇಂಥ ಸಾಲುಗಳಿಗೆ ನಾನು ಕೆಂಪು ಬಣ್ಣ ಬಳಿಯುತ್ತೇನೆ, ಆಮೇಲೆ ಇನ್ನೊಂದು ಪರೀಕ್ಷೆ ಮಾಡುತ್ತೇನೆ. ಆ ಪರೀಕ್ಷೆ ಏನೆಂದು ಇಲ್ಲಿ ಬರೆಯುವುದಿಲ್ಲ, ಇಪ್ಪತ್ತೈದು ಸಾವಿರ ಕೊಟ್ಟು ಕಲಿತದ್ದು. ಅದೇ ವರ್ಷ ಅಧಿಕ ಜ್ಯೇಷ್ಠವೂ ಇತ್ತು. ಮೇ ಕೊನೆಯ ಹುಣ್ಣಿಮೆಗೆ ಕಬೀರ ಜಯಂತಿ ಹಾಕಿಬಿಡುವುದು ಸುಲಭ, ಆದರೆ ಅದು ಅಧಿಕದ ಹುಣ್ಣಿಮೆ. ನಿಜ ಜ್ಯೇಷ್ಠದ್ದು ಜೂನ್ 29.

ಸೆಪ್ಟೆಂಬರ್‌ನಲ್ಲಿ 19ಕ್ಕೆ ಅಕ್ಷಯ ತೃತೀಯಾ, 20ಕ್ಕೆ ಬಸವ ಜಯಂತಿ ಎಂದು ಬೇರೆಬೇರೆ ಮನೆಯಲ್ಲಿ ಹಾಕಿ ಮಾದರಿ ಪ್ರತಿ ತೋರಿಸಿದೆ. 'ಮತ್ತೆ ಚೀಟಿ ಅಂಟಿಸುವ ಯೋಗವಿದೆ ನಿಮಗೆ' ಎಂದು ಪಕ್ಕದ ಬೀದಿಯ ಮುದ್ರಣದವರು ಚಹಾ ಕುಡಿಯುತ್ತಾ ಹೇಳಿದರು. ಒಬ್ಬ ಗಿರಾಕಿ ಎಂಟುನೂರು ಪ್ರತಿಯ ಆರ್ಡರನ್ನು ಅವರಿಗೇ ಕೊಟ್ಟರು. ನವೆಂಬರ್‌ನಲ್ಲಿ ಪಟ್ಟಿ ಬಂತು: ಬಸವ ಜಯಂತಿ ಏಪ್ರಿಲ್ 20, ಸೋಮವಾರ, ಕನಕ ಜಯಂತಿ ನವೆಂಬರ್ 27. ಎರಡೂ ನನ್ನ ಹಾಳೆಯಲ್ಲಿದ್ದಂತೆಯೇ.

ಪಕ್ಕದ ಬೀದಿಯವರು ಈಗ 2027ರ ಪಟ್ಟಿ ಕೇಳಿದ್ದಾರೆ. ಕೊಟ್ಟಿದ್ದೇನೆ, ಕೆಂಪು ಬಣ್ಣದ ಕಾಲಂ ಒಂದನ್ನು ಅಳಿಸಿ. ಆ ವರ್ಷದ ಬಸವ ಜಯಂತಿಯಲ್ಲಿ ಗೊಂದಲವೇನಿಲ್ಲ, ಮೇ 9. ಭಾನುವಾರ ಬಿದ್ದಿದೆ, ನೌಕರರ ಸಂಘದ ಗಿರಾಕಿ ಆಗಲೇ ಮುಖ ಸಪ್ಪಗೆ ಮಾಡಿದ್ದಾರೆ.