ಮೆಟ್ರೋ ದೂರದ ಬಗ್ಗೆ ರಿವ್ಯೂವರ್‌ಗೆ ಕೊಟ್ಟ ಉತ್ತರ

ಬೆಂಗಳೂರಿನ ಹೆಂಗಸರು ಕೆಲಸಕ್ಕೆ ಹೋದರೆ ಅವರ ಉಳಿತಾಯ ಹೆಚ್ಚುತ್ತದಾ ಅನ್ನೋದು ನಮ್ಮ ಸಂಶೋಧನಾ ಪ್ರಬಂಧದ ಪ್ರಶ್ನೆ. ಮನೆಯಿಂದ ಮೆಟ್ರೋ ಸ್ಟೇಷನ್‌ಗಿರುವ ದೂರವನ್ನು ಇನ್‌ಸ್ಟ್ರುಮೆಂಟ್ ಆಗಿ, ಅಂದರೆ ಕೆಲಸದ ಮೂಲಕ ಮಾತ್ರ ಉಳಿತಾಯವನ್ನು ಮುಟ್ಟುವ ಹೊರಗಿನ ಅಂಶವಾಗಿ ಬಳಸಿದ್ದೆವು. ರಿವ್ಯೂವರ್ ಕೇಳಿದರು: "ಸ್ಟೇಷನ್ ಪಕ್ಕ ಬಾಡಿಗೆ ಏರುತ್ತದೆ. ಉಳಿತಾಯ ಆ ದುಡ್ಡಿನಿಂದಲೂ ಬಂದಿರಬಹುದಲ್ಲ?"

ನ್ಯಾಯವಾದ ಅನುಮಾನವೇ. "ಎಫ್ ಮೌಲ್ಯ ಜೋರಾಗಿದೆ ಅಂತ ಬರೆದುಬಿಡೋಣ" ಅಂದರು ಜೊತೆಗಾರರು. ಆದರೆ ಅದು ದೂರಕ್ಕೂ ಕೆಲಸಕ್ಕೂ ಇರುವ ನಂಟನ್ನಷ್ಟೇ ತೋರಿಸುತ್ತದೆ. ದೂರ ಉಳಿತಾಯವನ್ನು ಮುಟ್ಟಲು ಬೇರೆ ದಾರಿ ಇಲ್ಲ ಅನ್ನೋದಕ್ಕೆ ಅದು ಸಾಕ್ಷಿಯಲ್ಲ.

ಹಾಗಾಗಿ ಅರವತ್ತು ದಾಟಿದ, ಕೆಲಸ ಬಿಟ್ಟ ಹೆಂಗಸರನ್ನು ಬೇರೆಯಾಗಿ ನೋಡಿದೆವು. ಮೆಟ್ರೋ ಬಂತು ಅಂತ ಇವರೇನೂ ಕೆಲಸಕ್ಕೆ ಹೋಗಲ್ಲ. ಮನೆ ಬಾಡಿಗೆಗೆ ಕೊಟ್ಟಿರೋರು ಇವರಲ್ಲೇ ಜಾಸ್ತಿ. ಬಾಡಿಗೆಯೇ ಕಾರಣವಾಗಿದ್ದರೆ ಇವರ ಉಳಿತಾಯವೂ ಏರಬೇಕಿತ್ತು. ಅಂಕಿ ಸೊನ್ನೆಯ ಆಸುಪಾಸಿನಲ್ಲೇ ನಿಂತಿತು.

ಆದರೆ ಗುಂಪು ಚಿಕ್ಕದು, ಅಂದಾಜಿನ ಹರವು ದೊಡ್ಡದು. ಸಣ್ಣ ನೇರ ಪರಿಣಾಮ ಅಡಗಿರಬಹುದು. ಅದಕ್ಕೇ ಉತ್ತರದ ಪತ್ರದಲ್ಲೂ ಪ್ರಬಂಧದ ಅನುಬಂಧದಲ್ಲೂ ಒಂದು ಸರಳ ಲೆಕ್ಕ ಸೇರಿಸಿದೆ. ಸ್ಟೇಷನ್ ಹತ್ತಿರವಿದ್ದರೆ ಉಳಿತಾಯ 6, ಕೆಲಸಕ್ಕೆ ಹೋಗೋರ ಪಾಲು 0.2 ಏರುತ್ತದೆ ಅಂದುಕೊಳ್ಳಿ. ಕೆಲಸದ ಪರಿಣಾಮ 6/0.2, ಅಂದರೆ 30. ಆ ಆರರಲ್ಲಿ 2 ಬಾಡಿಗೆಯದ್ದಾದರೂ 4/0.2, ಅಂದರೆ 20 ಉಳಿಯುತ್ತದೆ. ನಮ್ಮ ಫಲಿತಾಂಶ ಬೀಳಬೇಕಾದರೆ ಬಾಡಿಗೆಯ ಪಾಲು ಎಷ್ಟಿರಬೇಕು ಅಂತ ಹೀಗೇ ಬರೆದೆ. "ಸಾಬೀತಾಯಿತು" ಅಂತ ಮಾತ್ರ ಎಲ್ಲೂ ಬರೆಯಲಿಲ್ಲ. ರಿವ್ಯೂವರ್ ಒಪ್ಪಿದರು, ಆ ಲೆಕ್ಕವನ್ನು ಅನುಬಂಧದಿಂದ ಮುಖ್ಯ ಭಾಗಕ್ಕೆ ತರಲು ಹೇಳಿದರು.