ಬೋರ್ಡೋ ಹೊಡೆಯೋದು ಈವೆಂಟ್ ಅಲ್ಲ

ಸುಂಟಿಕೊಪ್ಪದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ, ನೆರಳಿನ ಮರಗಳಿಗೆಲ್ಲ ಕರಿಮೆಣಸಿನ ಬಳ್ಳಿ. ಒಂದು ವರ್ಷ ಮೇ ಕೊನೆಯ ಮಂಗಳವಾರ ಬೆಳಿಗ್ಗೆ 8ರಿಂದ 1ರವರೆಗೆ 'ಮೆಣಸಿಗೆ ಬೋರ್ಡೋ' ಅಂತ ಗೂಗಲ್ ಕ್ಯಾಲೆಂಡರ್‌ನಲ್ಲಿ ಈವೆಂಟ್ ಹಾಕಿಟ್ಟಿದ್ದೆ. ಹಿಂದಿನ ರಾತ್ರಿಯೇ ಮಳೆ ಹಿಡಿಯಿತು. ಒದ್ದೆ ಎಲೆಗೆ ಹೊಡೆದರೆ ಔಷಧಿ ನಿಲ್ಲುವುದಿಲ್ಲ, ಮೇಸ್ತ್ರಿ ಆಳುಗಳನ್ನು ಬೇರೆ ಕೆಲಸಕ್ಕೆ ಹಚ್ಚಿದರು. ಬುಧವಾರ ಕ್ಯಾಲೆಂಡರ್ ತೆರೆದರೆ ಆ ಈವೆಂಟ್ ಹಿಂದಿನ ದಿನದಲ್ಲಿ ಸುಮ್ಮನೆ ಕೂತಿತ್ತು. ಕೆಲಸ ಆಯಿತೋ ಇಲ್ಲವೋ ಅಂತ ಅದು ಕೇಳುವುದಿಲ್ಲ. ನಾನೂ ಮರೆತೆ. ಜುಲೈನಲ್ಲಿ ಬಳ್ಳಿಗಳು ಸೊರಗಿ ಎಲೆ ಉದುರಲು ಶುರುವಾದ ಮೇಲೆ ನೆನಪಾಯಿತು.

ಈಗ ಅದನ್ನು ಟಾಸ್ಕ್ ಮಾಡಿದ್ದೇನೆ. ಟಿಕ್ ಹಾಕದಿದ್ದರೆ ಬಾಕಿ ಕೆಲಸಗಳ ಜೊತೆ ಮರುದಿನವೂ ಇವತ್ತಿನ ಪುಟದಲ್ಲೇ ಕಾಣುತ್ತದೆ. ಬಿಸಿಲು ಕಂಡ ದಿನ ಹೊಡೆಸಿ ಟಿಕ್ ಹಾಕುತ್ತೇನೆ, ಅಷ್ಟೇ.

ಆದರೆ ಟಾಸ್ಕ್‌ಗೂ ಒಂದು ಕೊರತೆ ಇದೆ. ಈವೆಂಟ್‌ಗೆ ಒಂದು ವಾರ ಮೊದಲೇ ಸೂಚನೆ ಬರುವಂತೆ ಮಾಡಬಹುದು, ಟಾಸ್ಕ್ ತನ್ನ ಹೊತ್ತಿಗೆ ಮಾತ್ರ ಸದ್ದು ಮಾಡುತ್ತದೆ. ಬೋರ್ಡೋ ಕಲಸಿದ ದಿನವೇ ಮುಗಿಸಬೇಕು, ಹಾಗಾಗಿ ಮೈಲುತುತ್ತ, ಸುಣ್ಣ ಎರಡೂ ಮೊದಲೇ ಮನೆಯಲ್ಲಿರಬೇಕು. 1%ಗೆ ನೂರು ಲೀಟರ್ ನೀರಿಗೆ ಒಂದೊಂದು ಕಿಲೋ ಲೆಕ್ಕ. ಅದಕ್ಕೆ 'ಮೈಲುತುತ್ತ ತರೋದು' ಅಂತ ವಾರ ಮುಂಚಿನ ದಿನಾಂಕಕ್ಕೆ ಬೇರೆಯದೇ ಟಾಸ್ಕ್.

ಮೆಣಸಿನ ವ್ಯಾಪಾರಿ ಬರುವುದು, ವಿರಾಜಪೇಟೆಯ ಮದುವೆ, ಇವು ಈವೆಂಟ್. ನಾನಿಲ್ಲದಿದ್ದರೂ ಆ ಹೊತ್ತಿಗೆ ನಡೆದೇ ನಡೆಯುತ್ತವೆ, ಮನೆಯವರನ್ನೂ ಸೇರಿಸಿಕೊಂಡರೆ ಅವರ ಫೋನಿನಲ್ಲೂ ಕಾಣುತ್ತವೆ.

ರಿಮೈಂಡರ್ ವಿಷಯದಲ್ಲಿ ನಾನು ಎಡವಿದ್ದು ಬೇರೆ ರೀತಿ. ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ಓಡುವಾಗ 'ಮೋಟಾರ್ ಬಂದ್ ಮಾಡು' ಅಂತ ದಿನಾ ರಿಮೈಂಡರ್ ಇರುತ್ತಿತ್ತು. 2023ರಲ್ಲಿ ಗೂಗಲ್ ತನ್ನ ರಿಮೈಂಡರ್‌ಗಳನ್ನೆಲ್ಲ ಟಾಸ್ಕ್‌ಗೆ ಸೇರಿಸಿತು. ಆಮೇಲೆ ನಾನು ಮೋಟಾರ್ ಬಂದ್ ಮಾಡಿ ಟಿಕ್ ಹಾಕಲು ಮರೆತ ದಿನಗಳೆಲ್ಲ ಬಾಕಿ ಕೆಲಸವಾಗಿ ರಾಶಿ ಬಿದ್ದವು. ಆ ರಾಶಿಯ ಅಡಿಯಲ್ಲಿ ನಿಜವಾದ ಬಾಕಿ ಕಾಣದೇ ಹೋಯಿತು. ಮೋಟಾರ್ ಆ ಗಳಿಗೆಯ ವಿಷಯ, ಮರುದಿನ ನೆನಪಿಸಿ ಪ್ರಯೋಜನವಿಲ್ಲ. ಅದೂ ಅಲ್ಲದೆ ಕ್ಯಾಲೆಂಡರ್ ಒಮ್ಮೆ ಟಿಂಗ್ ಅಂದು ಸುಮ್ಮನಾಗುತ್ತದೆ, ತೋಟದೊಳಗೆ ಯಾರಿಗೆ ಕೇಳುತ್ತದೆ? ಈಗ ಅದಕ್ಕೆ ಫೋನಿನ ಗಡಿಯಾರದ ಅಲಾರಂ, ನಾನೇ ನಿಲ್ಲಿಸುವವರೆಗೆ ಹೊಡೆದುಕೊಳ್ಳುತ್ತದೆ.

ಹೂಮಳೆ ಆದ ಮೇಲಿನ ಎರಡನೇ ನೀರನ್ನು ಮಾತ್ರ ವರ್ಷವರ್ಷ ಮರುಕಳಿಸುವ ಟಾಸ್ಕ್ ಮಾಡಿಲ್ಲ. ಅದು ಹೂವು ನೋಡಿ ಬರುತ್ತದೆ, ತಾರೀಖು ನೋಡಿ ಅಲ್ಲ. ಹೂವು ಅರಳಿದ ದಿನ ಸಂಜೆ ಕೂತು, ಹದಿನೈದು ದಿನ ಎಣಿಸಿ, ಹೊಸದಾಗಿ ಬರೆಯುತ್ತೇನೆ.